ಟ್ಯಾಂಕ್ ತುಂಬಿದಾಗಲೇ ಕೈಕೊಡುತ್ತಿದ್ದ ಝೀನರ್: ಸರಿಯಾದ ರೆಸಿಸ್ಟರ್ ಹುಡುಕಿದ ನನ್ನ ಅನುಭವ

ನಮ್ಮ ಅಕ್ಕನ ಮನೆ ಮಂಡ್ಯದ ಹತ್ತಿರ ಒಂದು ಹಳ್ಳಿಯಲ್ಲಿ. ಅವರ ಓವರ್‌ಹೆಡ್ ಟ್ಯಾಂಕ್‌ಗೆ ನಾನೇ ಒಂದು ವಾಟರ್ ಲೆವೆಲ್ ಇಂಡಿಕೇಟರ್ ಮಾಡಿಕೊಟ್ಟಿದ್ದೆ. ನೀರು ಏರಿದ ಹಾಗೆ ಒಂದೊಂದೇ ಎಲ್‌ಇಡಿ ಹತ್ತಬೇಕು, ಟ್ಯಾಂಕ್ ತುಂಬಿದರೆ ಎಲ್ಲವೂ ಹತ್ತಬೇಕು. ಮೈಸೂರಿನಲ್ಲಿ ನನ್ನ ಟೇಬಲ್ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತ್ತು. ಹದಿನೈದು ದಿನಕ್ಕೆ ಅಕ್ಕ ಫೋನ್ ಮಾಡಿದಳು. "ಅಲ್ಲ ಕಣೋ, ಅರ್ಧ ಟ್ಯಾಂಕ್‌ವರೆಗೂ ಸರಿಯಾಗಿ ತೋರಿಸ್ತದೆ. ತುಂಬೋ ಹೊತ್ತಿಗೆ ಎಲ್ಲಾ ಮಂಕಾಗ್ತದೆ. ನೀರು ಹರಿದು ಅಂಗಳಕ್ಕೆ ಬಂದಾಗಲೇ ಗೊತ್ತಾಗೋದು."

ಭಾನುವಾರ ಮೀಟರ್ ಹಿಡಿದುಕೊಂಡು ಹೋದೆ. ಪೆಟ್ಟಿಗೆ ಒಳಗಿರುವುದು ಇಷ್ಟೇ. ಒಂದು 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, 470 ಮೈಕ್ರೋಫ್ಯಾರಡ್ ಕೆಪಾಸಿಟರ್. ಅಲ್ಲಿಂದ ಒಂದು ರೆಸಿಸ್ಟರ್, ಅದರ ಮುಂದೆ 1N4733A, ಅಂದರೆ 5.1 ವೋಲ್ಟ್, 1 ವ್ಯಾಟ್ ಝೀನರ್. ಝೀನರ್‌ಗೆ ಅಡ್ಡಲಾಗಿ ಎಲ್‌ಇಡಿ ಸರ್ಕ್ಯೂಟ್.

ಮುಚ್ಚಳ ತೆಗೆದ ತಕ್ಷಣ ಕಂಡಿದ್ದು ರೆಸಿಸ್ಟರ್‌ನ ಬಣ್ಣ. ಅರ್ಧ ವ್ಯಾಟ್‌ನ 270 ಓಮ್ ಹಾಕಿದ್ದೆ. ಅದರ ಪಟ್ಟಿಗಳೆಲ್ಲ ಕಂದಿ, ಕೆಳಗಿನ ಬೋರ್ಡ್ ಕೂಡ ಕಾಫಿ ಚೆಲ್ಲಿದ ಹಾಗೆ ಕಂದು ತಿರುಗಿತ್ತು. ಮೋಟಾರ್ ಓಡುತ್ತಿರುವಾಗ ಔಟ್‌ಪುಟ್ ನೋಡಿದೆ: ಟ್ಯಾಂಕ್ ತುಂಬುವ ಹೊತ್ತಿಗೆ 3.8 ವೋಲ್ಟ್. ಒಂದೇ ರೆಸಿಸ್ಟರ್ ಒಂದು ಹೊತ್ತಿನಲ್ಲಿ ಬೇಯುತ್ತಿತ್ತು, ಇನ್ನೊಂದು ಹೊತ್ತಿನಲ್ಲಿ ಸಾಕಾಗುವಷ್ಟು ಕರೆಂಟ್ ಬಿಡುತ್ತಿರಲಿಲ್ಲ.

ತಪ್ಪು ನನ್ನ ಲೆಕ್ಕದಲ್ಲಿತ್ತು. ಇನ್‌ಪುಟ್ 15 ವೋಲ್ಟ್, ಲೋಡ್ 30 ಮಿಲಿಆಂಪ್, ಝೀನರ್‌ಗೆ 10 ಅಂತ ಹಿಡಿದು ಸುಮಾರು 247 ಓಮ್ ತೆಗೆದಿದ್ದೆ. ಡಬ್ಬಿಯಲ್ಲಿ ಸಿಕ್ಕ 270 ಹಾಕಿದ್ದೆ. 15 ವೋಲ್ಟ್ ನನ್ನ ಟೇಬಲ್ ಮೇಲೆ ಸಿಕ್ಕಿದ್ದು. ಹಳ್ಳಿಯಲ್ಲಿ ಸುತ್ತಲ ಗದ್ದೆಯ ಪಂಪ್‌ಸೆಟ್‌ಗಳೆಲ್ಲ ಓಡುವಾಗ, ಮನೆ ಮೋಟಾರೂ ಹಾಕಿದಾಗ, ಲೈನ್ ವೋಲ್ಟೇಜ್ 170ಕ್ಕೆ ಇಳಿಯುತ್ತದೆ. ಆಗ ಕೆಪಾಸಿಟರ್ ಮೇಲೆ 11 ವೋಲ್ಟ್ ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈನ್ 250 ದಾಟಿತ್ತು, ಕೆಪಾಸಿಟರ್ ಮೇಲೆ 18 ವೋಲ್ಟ್. ಮೀಟರನ್ನು ಸೀರೀಸ್‌ನಲ್ಲಿ ಇಟ್ಟು ಲೋಡ್ ಕೂಡ ಅಳೆದೆ. ಟ್ಯಾಂಕ್ ಖಾಲಿ ಇದ್ದಾಗ 4 ಮಿಲಿಆಂಪ್, ಎಲ್ಲ ಎಲ್‌ಇಡಿ ಹತ್ತಿದಾಗ 30.

ಇಲ್ಲೊಂದು ವಿಷಯ ಗಮನಿಸಬೇಕು. ಈ ಏರಿಳಿತಗಳು ಬೇರೆ ಬೇರೆ ಅಲ್ಲ. ಟ್ಯಾಂಕ್ ತುಂಬುವುದು ಮೋಟಾರ್ ಓಡುವಾಗಲೇ, ಅಂದರೆ ಇನ್‌ಪುಟ್ ತೀರ ಕಮ್ಮಿ ಇರುವಾಗಲೇ ಲೋಡ್ ತೀರ ಜಾಸ್ತಿ. ಟ್ಯಾಂಕ್ ಖಾಲಿಯಾಗಿ ರಾತ್ರಿ ಸುಮ್ನೆ ಇರುವಾಗ ಇನ್‌ಪುಟ್ ಜಾಸ್ತಿ, ಲೋಡ್ ಕಮ್ಮಿ. ಕೆಟ್ಟ ಪರಿಸ್ಥಿತಿಗಳು ಜೋಡಿಯಾಗಿಯೇ ಬರುತ್ತವೆ. ಹಾಗಾಗಿ ಸರಾಸರಿ ಹಿಡಿದು ಲೆಕ್ಕ ಮಾಡುವ ಹಾಗಿಲ್ಲ, ಎರಡೂ ತುದಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯ ತುದಿ. ಇನ್‌ಪುಟ್ ಕಮ್ಮಿ, ಲೋಡ್ ಜಾಸ್ತಿ. ಆಗಲೂ ಝೀನರ್‌ಗೆ ಸ್ವಲ್ಪ ಕರೆಂಟ್ ಉಳಿಯಬೇಕು. ಲೋಡೇ ಪೂರ್ತಿ ತಿಂದುಬಿಟ್ಟರೆ ಝೀನರ್ ಆಫ್ ಆದ ಹಾಗೆ, ರೆಗ್ಯುಲೇಷನ್ ಇರುವುದಿಲ್ಲ. ಡೇಟಾಶೀಟ್‌ನಲ್ಲಿ ಇದರ 'ಮೊಣಕಾಲು' 1 ಮಿಲಿಆಂಪ್. ಆದರೆ ಅಲ್ಲಿ ಇದರ ಒಳರೆಸಿಸ್ಟೆನ್ಸ್ 550 ಓಮ್‌ವರೆಗೂ ಇರಬಹುದು, ವೋಲ್ಟೇಜ್ ನಿಲ್ಲುವುದಿಲ್ಲ. ಅದಕ್ಕೆ ನಾನು ಕನಿಷ್ಠ 5 ಮಿಲಿಆಂಪ್ ಇಡುತ್ತೇನೆ.

ಇನ್ನು ಆ 11 ವೋಲ್ಟ್. ಮೀಟರ್ ತೋರಿಸುವುದು ಸರಾಸರಿಯನ್ನು. ಕೆಪಾಸಿಟರ್ ಮೇಲೆ ರಿಪ್ಪಲ್ ಇರುತ್ತದೆ ಅಲ್ವಾ. 45 ಮಿಲಿಆಂಪ್ ಎಳೆದರೆ 470 ಮೈಕ್ರೋಫ್ಯಾರಡ್‌ನಲ್ಲಿ ಅದು ಸುಮಾರು 1 ವೋಲ್ಟ್. ಅಂದರೆ ತಳ 11 ಅಲ್ಲ, 10.5. ಲೆಕ್ಕಕ್ಕೆ ತಳವೇ ಬೇಕು.

```
R ಗರಿಷ್ಠ = (10.5 - 5.1) / (0.030 + 0.005) = 154 ಓಮ್
```

ಇದಕ್ಕಿಂತ ದೊಡ್ಡ ರೆಸಿಸ್ಟರ್ ಹಾಕಿದರೆ ಟ್ಯಾಂಕ್ ತುಂಬುವಾಗ ಔಟ್‌ಪುಟ್ ಕುಸಿಯುತ್ತದೆ. ನನ್ನ 270 ಎಷ್ಟು ದೂರ ಇತ್ತು ನೋಡಿ.

ಎರಡನೆಯ ತುದಿ. ಇನ್‌ಪುಟ್ ಜಾಸ್ತಿ, ಲೋಡ್ ಕಮ್ಮಿ. ಇಲ್ಲಿ ಲೋಡ್ 4 ಮಿಲಿಆಂಪ್ ಅಂತ ಹಾಕಬಹುದಿತ್ತು. ನಾನು ಸೊನ್ನೆ ಅಂತ ಹಾಕಿದೆ. ಟ್ಯಾಂಕ್ ತೊಳೆಯುವಾಗ ಭಾವ ಸೆನ್ಸರ್ ಕನೆಕ್ಟರ್ ಕಿತ್ತಿಡುತ್ತಾರೆ. ಆಗ ಪೂರ್ತಿ ಕರೆಂಟ್ ಝೀನರ್ ಪಾಲು. 1 ವ್ಯಾಟ್ ಅಂತ ಬರೆದಿದ್ದರೂ, ಮುಚ್ಚಿದ ಪೆಟ್ಟಿಗೆಯಲ್ಲಿ, ಬೇಸಿಗೆಯಲ್ಲಿ, ನಾನು 0.6 ವ್ಯಾಟ್‌ಗಿಂತ ಜಾಸ್ತಿ ಕೊಡುವುದಿಲ್ಲ. 0.6ನ್ನು 5.1ರಿಂದ ಭಾಗಿಸಿದರೆ 118 ಮಿಲಿಆಂಪ್.

```
R ಕನಿಷ್ಠ = (18 - 5.1) / 0.118 = 109 ಓಮ್
```

ಹಾಗಾದರೆ ರೆಸಿಸ್ಟರ್ 109ರಿಂದ 154ರ ಒಳಗೆ ಇರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 120 ಮತ್ತು 150. 150 ಒಳಗೇ ಇದೆ, ಬಿಸಿಯೂ ಕಮ್ಮಿ. ಆದರೂ ನಾನು ಅದನ್ನು ಬಿಟ್ಟೆ. ಶೇಕಡ 5ರ ವ್ಯತ್ಯಾಸದಲ್ಲಿ 150 ಅನ್ನುವುದು 157 ಆಗಬಹುದು. ಝೀನರ್ ಕೂಡ 5.1ರ ಬದಲು 5.35 ಇರಬಹುದು. ಎರಡೂ ಒಟ್ಟಿಗೆ ಬಂದರೆ ಝೀನರ್‌ಗೆ ಉಳಿಯುವುದು ಮೂರು ಮಿಲಿಆಂಪ್‌ಗಿಂತ ಕಮ್ಮಿ. ಆದರೆ 120 ಯಾವ ಕಡೆಗೆ ಶೇಕಡ 5 ಸರಿದರೂ ಗಡಿಯ ಒಳಗೇ ಉಳಿಯುತ್ತದೆ.

ಇನ್ನು ವ್ಯಾಟ್. 18 ವೋಲ್ಟ್‌ನಲ್ಲಿ 120 ಓಮ್ ಮೇಲೆ 12.9 ವೋಲ್ಟ್ ಬೀಳುತ್ತದೆ, ಅಂದರೆ ಹತ್ತಿರ ಹತ್ತಿರ 1.4 ವ್ಯಾಟ್. ಔಟ್‌ಪುಟ್ ಎಲ್ಲಾದರೂ ಶಾರ್ಟ್ ಆದರೆ 2.7 ವ್ಯಾಟ್. ಅದಕ್ಕೆ 5 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ, ಬೋರ್ಡ್‌ನಿಂದ ಒಂದು ಬೆರಳು ಮೇಲೆ ನಿಲ್ಲಿಸಿ ಸೋಲ್ಡರ್ ಮಾಡಿದೆ. ಝೀನರ್‌ನ ಬಿಸಿ ಹೋಗುವುದು ಅದರ ಕಾಲುಗಳ ಮೂಲಕ. ಅದನ್ನು ರೆಸಿಸ್ಟರ್ ಪಕ್ಕದಿಂದ ದೂರ ಸರಿಸಿ, ದಪ್ಪ ತಾಮ್ರ ಇರುವ ಕಡೆ ಕೂರಿಸಿದೆ.

ಹಾಕಿದ ಮೇಲೆ ಎರಡು ತುದಿಯಲ್ಲೂ ಅಳೆದೆ. ಮೋಟಾರ್ ಓಡುತ್ತಾ ಎಲ್ಲ ಎಲ್‌ಇಡಿ ಹತ್ತಿದಾಗ 4.9 ವೋಲ್ಟ್, ರಾತ್ರಿ ಕನೆಕ್ಟರ್ ಕಿತ್ತಾಗ 5.3. ಈ ವ್ಯತ್ಯಾಸ ಝೀನರ್‌ನ ಒಳರೆಸಿಸ್ಟೆನ್ಸ್‌ದು. ಎಲ್‌ಇಡಿಗೆ ತೊಂದರೆ ಇಲ್ಲ. ಅಳತೆ ಮಾಡುವ ಸರ್ಕ್ಯೂಟ್‌ಗೆ ಇದು ಸಾಲದು.

ಆಮೇಲೆ ಭಾವ, "ತುಂಬಿದಾಗ ಒಂದು ಸೈರನ್ನೂ ಹೊಡ್ಕೊಳ್ಳೋ ಹಾಗೆ ಮಾಡಪ್ಪ" ಅಂದರು. ಸೈರನ್ 100 ಮಿಲಿಆಂಪ್ ಎಳೆಯುತ್ತದೆ. ಝೀನರ್ ಕಡೆಯಿಂದಲೇ ಅದಕ್ಕೆ ಕೊಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಗರಿಷ್ಠ 40 ಓಮ್‌ಗೆ ಇಳಿಯಿತು, ಕನಿಷ್ಠ 109ರಲ್ಲೇ ಇತ್ತು. ಗರಿಷ್ಠ ಕನಿಷ್ಠಕ್ಕಿಂತ ಚಿಕ್ಕದಾದರೆ ಯಾವ ರೆಸಿಸ್ಟರೂ ಹೊಂದುವುದಿಲ್ಲ, ಎಷ್ಟು ಹುಡುಕಿದರೂ ಅಷ್ಟೇ. ಅಂಥ ಕಡೆ 7805 ಹಾಕಬೇಕು, ಇಲ್ಲವೇ ಝೀನರ್ ಮುಂದೆ ಒಂದು ಟ್ರಾನ್ಸಿಸ್ಟರ್ ಸೇರಿಸಬೇಕು.

ನಾನು 12 ವೋಲ್ಟ್ ಸೈರನ್ ತಂದು, ರೆಸಿಸ್ಟರ್‌ಗಿಂತ ಮೊದಲೇ, ಕೆಪಾಸಿಟರ್‌ನಿಂದ ಕೊಟ್ಟೆ. ಆದರೆ ಆಗ ಕೆಪಾಸಿಟರ್‌ನಿಂದ ಹೋಗುವ ಕರೆಂಟ್ 145 ಮಿಲಿಆಂಪ್ ಆಗಿ, ರಿಪ್ಪಲ್ 3 ವೋಲ್ಟ್ ದಾಟುತ್ತದೆ. ತಳ 10.5ರಿಂದ ಇನ್ನೂ ಕೆಳಗೆ ಹೋಗಿ ಹಳೆಯ ತೊಂದರೆಯೇ ವಾಪಸ್ ಬರುತ್ತಿತ್ತು. 470 ತೆಗೆದು 2200 ಮೈಕ್ರೋಫ್ಯಾರಡ್ ಹಾಕಿದೆ. ಸೈರನ್ ಕೂಗುವಾಗ ಕೆಪಾಸಿಟರ್ ಮೇಲೆ ಮತ್ತೆ ಅಳೆದು, ತಳ 10.5ಕ್ಕಿಂತ ಕೆಳಗೆ ಬರುತ್ತಿಲ್ಲ ಅಂತ ನೋಡಿಕೊಂಡ ಮೇಲೆಯೇ ಮುಚ್ಚಳ ಹಾಕಿದೆ.