ನಾಮಿನಿ ಬೇರೆ, ವಾರಸುದಾರ ಬೇರೆ: ಮನೆಯ ಯಜಮಾನರು ತೀರಿಕೊಂಡ ಮೇಲೆ ಆಸ್ತಿಯ ಕಾಗದ ನೋಡುವುದು ಹೇಗೆ

ಮನೆಯಲ್ಲಿ ಸಾವಾದಾಗ ಯಾರಿಗೂ ಕಾನೂನು ಓದುವ ಮನಸ್ಸಿರುವುದಿಲ್ಲ. ಆದರೆ ವೈಕುಂಠ ಸಮಾರಾಧನೆ ಮುಗಿಯುತ್ತಿದ್ದಂತೆ ಬ್ಯಾಂಕಿನವರು ಒಂದು ಕಾಗದ ಕೇಳುತ್ತಾರೆ, ನಾಡಕಚೇರಿಯವರು ಇನ್ನೊಂದು ಕೇಳುತ್ತಾರೆ. ನಡುವೆ ನೆಂಟರೊಬ್ಬರು ಬಂದು "ನಾಮಿನಿ ನೀನೇ ಅಲ್ವಾ, ದುಡ್ಡೆಲ್ಲ ನಿನ್ನದೇ" ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಆ ಒಂದು ಮಾತಿನಿಂದ ಅಣ್ಣ ತಂಗಿಯರು ಮಾತು ಬಿಟ್ಟ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ದಾರಿಯಲ್ಲಿ ಸಿಗುವ ಪದಗಳಿಗೆ ಅರ್ಥ ಏನು ಅಂತ ಇಲ್ಲಿ ಹೇಳುತ್ತೇನೆ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬಗಳ ಲೆಕ್ಕ. ಜೈನ, ಬೌದ್ಧ, ಸಿಖ್ಖರಿಗೂ ಇದೇ ಕಾಯ್ದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಪಾಲಿನ ನಿಯಮ ಬೇರೆ.

ಮೊದಲು ಮರಣ ಪ್ರಮಾಣ ಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಿ. ಪ್ರಮಾಣ ಪತ್ರದ ಪ್ರತಿಗಳನ್ನು ಜಾಸ್ತಿಯೇ ತೆಗೆದುಕೊಳ್ಳಿ. ತೀರಿಕೊಂಡವರ ಹೆಸರು ಆಧಾರ್, ಪಾಸ್‌ಬುಕ್, ಪಹಣಿಯಲ್ಲಿ ಇರುವಂತೆಯೇ ಅದರಲ್ಲೂ ಇದೆಯಾ ಅಂತ ಕೌಂಟರ್ ಬಿಡುವ ಮುಂಚೆ ನೋಡಿ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಮುಂದೆ ಎಲ್ಲ ಕಡೆ ಅಫಿಡವಿಟ್ ಕೇಳುತ್ತಾರೆ.

ಇಷ್ಟರಲ್ಲಿ ಯಾರಾದರೂ "ಎಟಿಎಂ ಪಿನ್ ಗೊತ್ತಿದೆಯಲ್ಲ, ಸುಮ್ನೆ ಡ್ರಾ ಮಾಡಿಬಿಡು" ಎಂದು ಹೇಳಿಯೇ ಹೇಳುತ್ತಾರೆ. ಮಾಡಬೇಡಿ. ಸಾವಿನ ನಂತರದ ಪ್ರತಿ ಡ್ರಾ ಕೂಡ ಸ್ಟೇಟ್‌ಮೆಂಟಿನಲ್ಲಿ ತಾರೀಕಿನ ಸಮೇತ ಕಾಣುತ್ತದೆ. ಕ್ರಿಯಾಕರ್ಮದ ಖರ್ಚಿಗೇ ಬಳಸಿದ್ದರೂ ನಾಳೆ ಉತ್ತರ ಕೊಡಬೇಕಾದವರು ನೀವು.

ಉಯಿಲು ಇದೆಯಾ?

ಬೀರು, ಬ್ಯಾಂಕ್ ಲಾಕರ್, ಪರಿಚಯದ ವಕೀಲರು, ಸಬ್ ರಿಜಿಸ್ಟ್ರಾರ್ ಕಚೇರಿ, ಎಲ್ಲ ಕಡೆ ವಿಚಾರಿಸಿ. ಸಿಕ್ಕಿದರೆ ಎರಡು ವಿಷಯ ನೋಡಿ: ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದದ್ದೂ ನಡೆಯುತ್ತದೆ. ಎರಡು ಉಯಿಲು ಸಿಕ್ಕಿದರೆ ಕೊನೆಯದೇ ಲೆಕ್ಕಕ್ಕೆ. ಮೂಲ ಪ್ರತಿಯನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಸಹಿ, ಶಾಯಿ ಪರೀಕ್ಷೆ ಮಾಡಬೇಕಾಗಿ ಬಂದರೆ ಆ ಪ್ಲಾಸ್ಟಿಕ್ಕೇ ಅಡ್ಡಿ.

ಉಯಿಲು ಇಲ್ಲದಿದ್ದರೆ ಕಾನೂನಿನವರು "ಇಂಟೆಸ್ಟೇಟ್" ಅನ್ನುತ್ತಾರೆ. ಉಯಿಲು ಬರೆಯದೆ ತೀರಿಕೊಂಡರು ಅಂತಷ್ಟೇ ಅರ್ಥ. ಹಾಗಾದರೆ ಆಸ್ತಿ ಸರ್ಕಾರಕ್ಕೆ ಹೋಗುತ್ತದೆ ಅಂತ ಹೆದರುವವರಿದ್ದಾರೆ. ಹೋಗುವುದಿಲ್ಲ. ಯಾರಿಗೆ ಎಷ್ಟು ಅಂತ ಕಾಯ್ದೆಯೇ ಹೇಳುತ್ತದೆ.

ವಾರಸುದಾರರು ಯಾರು

ತುಮಕೂರಿನ ಒಬ್ಬ ಮೇಷ್ಟ್ರ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಉಯಿಲು ಬರೆದಿಲ್ಲ. ಹೆಂಡತಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ, ಹಾಸನಕ್ಕೆ ಮದುವೆ ಮಾಡಿಕೊಟ್ಟ ಮಗಳು, ಜೊತೆಗೆ ಮೇಷ್ಟ್ರ ವಯಸ್ಸಾದ ತಾಯಿ ಇದ್ದಾರೆ. ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ ಇದೆ. ಬ್ಯಾಂಕಿನಲ್ಲಿ 12 ಲಕ್ಷದ ಠೇವಣಿ ಇದೆ, ಅದಕ್ಕೆ ಮಗ ನಾಮಿನಿ.

ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ಹೆಂಡತಿ, ಮಕ್ಕಳು, ತಾಯಿ ಎಲ್ಲರೂ ಆ ವರ್ಗದವರೇ. ಮಗಳಿಗೆ ಮದುವೆಯಾಗಿದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತಂದೆ ಬದುಕಿದ್ದರೆ ಅವರು ಎರಡನೇ ವರ್ಗ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ತಂದೆಗೆ ಪಾಲಿಲ್ಲ, ತಾಯಿಗೆ ಇದೆ! ಹಾಗಾಗಿ ಮೇಷ್ಟ್ರ ಮನೆಯಲ್ಲಿ ನಾಲ್ಕು ಜನ, ನಾಲ್ಕು ಸಮಪಾಲು. ಪಿತ್ರಾರ್ಜಿತ ಜಮೀನಿದ್ದರೆ ಮಾತ್ರ ಲೆಕ್ಕ ಬೇರೆ. ಅದರಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಹಕ್ಕಿರುತ್ತದೆ. ಮೊದಲು ಅದನ್ನು ಕಳೆದು, ಮೇಷ್ಟ್ರ ಪಾಲಿಗೆ ಬಂದದ್ದನ್ನು ಮಾತ್ರ ಹೀಗೆ ಹಂಚಬೇಕು.

ಈ ಹೆಸರುಗಳೆಲ್ಲ ವಂಶವೃಕ್ಷದಲ್ಲಿ ಬರಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಮದುವೆಯಾದ ಮಗಳ ಹೆಸರನ್ನು "ಯಾಕೆ ಸುಮ್ನೆ ತೊಂದರೆ" ಎಂದು ಬಿಡುವ ಚಾಳಿ ಇನ್ನೂ ಹೋಗಿಲ್ಲ. ಅರ್ಜಿ ಬರೆದುಕೊಡುವವರೇ ಎಷ್ಟೋ ಸಲ ಈ ಸಲಹೆ ಕೊಡುತ್ತಾರೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ಬ್ಯಾಂಕಿನ ವಕೀಲರು ಮೊದಲು ಹುಡುಕುವುದೇ ಬಿಟ್ಟುಹೋದ ಹೆಣ್ಣುಮಕ್ಕಳನ್ನು. ಅಲ್ಲಿಗೆ ವ್ಯಾಪಾರ ನಿಲ್ಲುತ್ತದೆ.

ನಾಮಿನಿ: ಎಲ್ಲರೂ ಎಡವುವ ಜಾಗ

ನಾಮಿನಿ ಅಂದರೆ ದುಡ್ಡು ಪಡೆದುಕೊಳ್ಳಲು ಹೆಸರಿಸಿದ ವ್ಯಕ್ತಿ, ಅಷ್ಟೇ. ಬ್ಯಾಂಕಿಗೆ ಒಬ್ಬರ ಕೈಗೆ ಹಣ ಕೊಟ್ಟು ಋಣ ತೀರಿಸಿಕೊಳ್ಳಬೇಕು, ಯಾರು ನಿಜವಾದ ವಾರಸುದಾರರು ಅಂತ ವಿಚಾರಣೆ ಮಾಡುತ್ತಾ ಕೂರಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ಈ ಏರ್ಪಾಡು. ಮಗ ಮರಣ ಪ್ರಮಾಣ ಪತ್ರ, ಗುರುತಿನ ಚೀಟಿ, ಕ್ಲೇಮ್ ಫಾರಂ ಕೊಟ್ಟರೆ ಬ್ಯಾಂಕ್ 12 ಲಕ್ಷವನ್ನೂ ಅವನಿಗೇ ಕೊಡುತ್ತದೆ. ಅಲ್ಲಿಗೆ ಬ್ಯಾಂಕಿನ ಕೆಲಸ ಮುಗಿಯಿತು. ಮಗನ ಕೆಲಸ ಮುಗಿಯುವುದಿಲ್ಲ. ಆ ಹಣದಲ್ಲಿ ಅವನದು 3 ಲಕ್ಷ ಮಾತ್ರ. ಉಳಿದ 9 ಲಕ್ಷ ಅಮ್ಮ, ತಂಗಿ, ಅಜ್ಜಿಗೆ ಸೇರಿದ್ದು.

ಸುಪ್ರೀಂ ಕೋರ್ಟ್ ಇದನ್ನು 1984ರಲ್ಲಿ ಜೀವವಿಮೆಯ ಪ್ರಕರಣವೊಂದರಲ್ಲಿ ಹೇಳಿತು. 2023ರಲ್ಲಿ ಕಂಪನಿ ಷೇರುಗಳ ವಿಷಯದಲ್ಲೂ ನಾಮಿನಿ ಮಾಲೀಕನಲ್ಲ ಅಂತ ಸ್ಪಷ್ಟ ಮಾಡಿತು. ಗೊಂದಲ ಎದ್ದದ್ದು ವಿಮೆಯಲ್ಲಿ. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂತು. ತಂದೆತಾಯಿ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣದ ಲಾಭವೂ ಅವರಿಗೇ ಅನ್ನುವ ಅರ್ಥದ ಮಾತು ಅದರಲ್ಲಿದೆ. ಹಾಗಿದ್ದರೂ 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದ ಪ್ರಕರಣ ನೋಡಿ. ಒಬ್ಬರು ಮದುವೆಗೆ ಮುಂಚೆ ತಾಯಿಯನ್ನು ವಿಮೆಗೆ ನಾಮಿನಿ ಮಾಡಿದ್ದರು. ಮದುವೆಯಾಗಿ ಮಗುವಾದ ಮೇಲೂ ಬದಲಾಯಿಸಿರಲಿಲ್ಲ. ಅವರು ತೀರಿಕೊಂಡಾಗ ಹಣ ಯಾರಿಗೆ ಅನ್ನುವ ಪ್ರಶ್ನೆ ಬಂತು. ವಾರಸುದಾರರು ಹಕ್ಕು ಕೇಳಿದರೆ ಉತ್ತರಾಧಿಕಾರದ ಕಾನೂನೇ ನಡೆಯುತ್ತದೆ ಎಂದ ಕೋರ್ಟ್, ತಾಯಿ, ಹೆಂಡತಿ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು ಕೊಟ್ಟಿತು.

ಉಯಿಲಿದ್ದರೆ ಅದು ನಾಮಿನೇಷನ್ನಿಗಿಂತ ಮೇಲು. ಮೇಷ್ಟ್ರು ಠೇವಣಿಯನ್ನು ಹೆಂಡತಿಗೆ ಅಂತ ಉಯಿಲು ಬರೆದಿದ್ದರೆ ಮಗ ಪೂರ್ತಿ 12 ಲಕ್ಷವನ್ನೂ ಅಮ್ಮನಿಗೆ ಕೊಡಬೇಕು.

ನಾಮಿನಿಯಾದವರು ಹೀಗೆ ಮಾಡಿ. ಹಣವನ್ನು ಸಂಬಳದ ಖಾತೆಗೆ ಹಾಕಿಸಬೇಡಿ. ಹೊಸ ಉಳಿತಾಯ ಖಾತೆ ತೆರೆದು ಅದಕ್ಕೇ ಹಾಕಿಸಿ. ಬಂದ ಮೊತ್ತ, ವಾರಸುದಾರರ ಹೆಸರು, ಅವರವರ ಪಾಲು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ. ಪಾಲನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ, ನಗದು ಬೇಡವೇ ಬೇಡ. ತಂಗಿ "ನನಗೆ ಬೇಡ, ಅಮ್ಮನಿಗಿರಲಿ" ಅಂದರೆ ಅದನ್ನೂ ಬರೆಸಿಕೊಳ್ಳಿ. ಬಾಯಿಮಾತು ಐದು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ.

ಇನ್ನು ಅಜ್ಜಿಯ ಪಾಲು. ಎಲ್ಲರೂ ಮರೆಯುವುದು ಇದನ್ನೇ. ಮೇಷ್ಟ್ರ ತಾಯಿ ಪಾಲು ತೆಗೆದುಕೊಳ್ಳದೆ, ಬಿಟ್ಟೂ ಕೊಡದೆ, ಉಯಿಲನ್ನೂ ಬರೆಯದೆ ಎರಡು ವರ್ಷದ ನಂತರ ತೀರಿಕೊಂಡರು ಅಂದುಕೊಳ್ಳಿ. ಮೇಷ್ಟ್ರಿಗೆ ಒಬ್ಬ ತಮ್ಮ, ಒಬ್ಬ ಅಕ್ಕ ಇದ್ದಾರೆ, ತಂದೆ ಮೊದಲೇ ಹೋಗಿದ್ದಾರೆ. ಅಜ್ಜಿಯ 3 ಲಕ್ಷ ಈಗ ಅವರ ಮೂರು ಮಕ್ಕಳ ಲೆಕ್ಕದಲ್ಲಿ ಒಡೆಯುತ್ತದೆ. ತಮ್ಮನಿಗೆ 1 ಲಕ್ಷ, ಅಕ್ಕನಿಗೆ 1 ಲಕ್ಷ, ಮೇಷ್ಟ್ರ ಪಾಲಿನ 1 ಲಕ್ಷ ಅವರ ಮಗ ಮತ್ತು ಮಗಳಿಗೆ ಐವತ್ತೈವತ್ತು ಸಾವಿರ. ಮೇಷ್ಟ್ರ ಹೆಂಡತಿಗೆ ಇದರಲ್ಲಿ ಏನೂ ಇಲ್ಲ. ಹಣವಾದರೆ ಹೇಗೋ ತೀರಿಸಬಹುದು. ಮನೆಯಲ್ಲೂ ಇದೇ ಲೆಕ್ಕ ನಡೆದು, ತಮ್ಮನಿಗೂ ಅಕ್ಕನಿಗೂ ಹನ್ನೆರಡರಲ್ಲಿ ಒಂದೊಂದು ಪಾಲು ಬರುತ್ತದೆ. ಮನೆ ಮಾರಬೇಕಾದರೆ ಅವರ ಸಹಿಯೂ ಬೇಕು. ಅವರೂ ತೀರಿಕೊಂಡಿದ್ದರೆ ಅವರ ವಾರಸುದಾರರ ಸಹಿ.

ಅಜ್ಜಿಗೆ ಪಾಲು ಸೊಸೆಗೋ ಮೊಮ್ಮಕ್ಕಳಿಗೋ ಇರಲಿ ಅನ್ನಿಸಿದರೆ ಅವರು ಬದುಕಿರುವಾಗಲೇ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬಹುದು. ಮನೆ, ನಿವೇಶನ, ಜಮೀನಿಗೆ ಇದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಟರಿ ಸೀಲು ಹೊಡೆದ ಛಾಪಾ ಕಾಗದ ಸಾಕು ಅನ್ನುವ ಏಜೆಂಟರಿದ್ದಾರೆ, ಸಾಕಾಗುವುದಿಲ್ಲ. ಪಾಲು ನನಗೇ ಬೇಕು ಅಂತ ಅಜ್ಜಿ ಹೇಳಿದರೆ ಅದು ಅವರ ಹಕ್ಕು. ಮಗನನ್ನು ಕಳೆದುಕೊಂಡ ಹದಿನೈದು ದಿನಕ್ಕೇ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕೆಲವು ತಿಂಗಳು ಬಿಡಿ, ಪತ್ರವನ್ನು ಅವರಿಗೆ ಓದಿ ಹೇಳಿ, ಆಮೇಲೆ ಕರೆದುಕೊಂಡು ಹೋಗಿ.

ಪ್ರೊಬೇಟ್ ಬೇಕಾ?

ಪ್ರೊಬೇಟ್ ಅಂದರೆ ಈ ಉಯಿಲು ಅಸಲಿ ಅಂತ ಕೋರ್ಟ್ ಕೊಡುವ ಪ್ರಮಾಣ. ಉಯಿಲೇ ಇಲ್ಲದ ಮೇಷ್ಟ್ರ ಮನೆಯವರಿಗೆ ಇದರ ಪ್ರಶ್ನೆಯೇ ಇಲ್ಲ. ಉಯಿಲಿದ್ದರೂ ಕರ್ನಾಟಕದಲ್ಲಿ ಹಿಂದೂ ಕುಟುಂಬಗಳಿಗೆ ಕಡ್ಡಾಯವಲ್ಲ. ಮುಂಬೈ, ಚೆನ್ನೈ, ಕೋಲ್ಕತ್ತದ ಮಟ್ಟಿಗೆ ಬಹಳ ಕಾಲ ಕಡ್ಡಾಯವಿತ್ತು. ಅಲ್ಲಿನ ನೆಂಟರ ಮಾತು ಕೇಳಿ ಇಲ್ಲಿ ಕೋರ್ಟಿಗೆ ಓಡುವವರಿದ್ದಾರೆ.

ಉಯಿಲಿನ ಬಗ್ಗೆ ಯಾರಾದರೂ ತಕರಾರು ಎತ್ತುವ ಸೂಚನೆ ಇದ್ದರೆ ಮಾತ್ರ ಹೋಗಿ ಅನ್ನುವುದು ನನ್ನ ಸಲಹೆ. ಉಯಿಲಿನಲ್ಲಿ ಎಕ್ಸಿಕ್ಯೂಟರ್, ಅಂದರೆ ಅದನ್ನು ಜಾರಿಗೆ ತರುವವರು, ಅಂತ ಹೆಸರಿಸಿದವರೇ ಅರ್ಜಿ ಹಾಕಬೇಕು. ಅಂಥವರನ್ನು ಹೆಸರಿಸದಿದ್ದರೆ ಕೋರ್ಟ್ ಕೊಡುವುದು ಪ್ರೊಬೇಟ್ ಅಲ್ಲ, ಉಯಿಲು ಲಗತ್ತಿಸಿದ ಆಡಳಿತ ಪತ್ರ. ಹತ್ತಿರದ ಸಂಬಂಧಿಕರಿಗೆ ನೋಟಿಸ್ ಹೋಗುತ್ತದೆ, ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಇನ್ನೊಂದು ಮಾತು: ಪ್ರೊಬೇಟ್ ಸಿಕ್ಕಿದರೆ ಉಯಿಲು ನಿಜ ಅಂತಷ್ಟೇ ಆಯಿತು. ಅಪ್ಪ ತಮ್ಮದಲ್ಲದ ಕುಟುಂಬದ ಜಮೀನನ್ನು ಅದರಲ್ಲಿ ಬರೆದಿದ್ದರೆ ಆ ಜಮೀನು ನಿಮ್ಮದಾಗುವುದಿಲ್ಲ.

ಉಯಿಲೂ ಇಲ್ಲ, ನಾಮಿನಿಯೂ ಇಲ್ಲ, ಮೊತ್ತ ದೊಡ್ಡದು ಅಂದಾಗ ಬ್ಯಾಂಕ್ ಉತ್ತರಾಧಿಕಾರ ಪ್ರಮಾಣ ಪತ್ರ ಕೇಳಬಹುದು. ಅದನ್ನೂ ಕೋರ್ಟೇ ಕೊಡುವುದು. ಅದು ಠೇವಣಿ, ಷೇರು, ಬರಬೇಕಾದ ಸಾಲದಂಥವಕ್ಕೆ ಮಾತ್ರ, ಮನೆ ಜಮೀನಿಗೆ ಅಲ್ಲ.

ಖಾತೆ ಬದಲಾವಣೆ

ಜಮೀನಿಗೆ ಪೌತಿ ಖಾತೆ, ಮನೆಗೆ ನಗರಸಭೆ, ಪಾಲಿಕೆ ಅಥವಾ ಪಂಚಾಯಿತಿಯಲ್ಲಿ ಖಾತೆ ವರ್ಗಾವಣೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಆಸ್ತಿಯ ಪತ್ರ ಕೊಟ್ಟು ಅರ್ಜಿ ಹಾಕಿದರೆ ಆಯಿತು. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿಯೇ ಮಾಡಿಸಿ. "ಈಗ ಒಬ್ಬರ ಹೆಸರಿಗೆ ಮಾಡಿಸಿ, ಆಮೇಲೆ ನೋಡೋಣ" ಅನ್ನುವ ಅಡ್ಡದಾರಿ ಬೇಡ. ಖಾತೆ ಇರುವುದು ಕಂದಾಯ ಕಟ್ಟಲು, ಮಾಲೀಕತ್ವಕ್ಕೆ ಅದೊಂದೇ ಪುರಾವೆಯಲ್ಲ. ಮಗನೊಬ್ಬನ ಹೆಸರಿಗೆ ಖಾತೆಯಾದರೂ ಉಳಿದವರ ಪಾಲು ಹಾಗೇ ಇರುತ್ತದೆ. ಅವರು ವಿಭಾಗ ಕೇಳಿ ದಾವೆ ಹಾಕಬಹುದು.