ಕೊತ್ತಂಬರಿ ನೀರು ಕುಡಿಯಿರಿ, ಥೈರಾಯ್ಡ್ ಮಾತ್ರೆ ಮಾತ್ರ ಬಿಡಬೇಡಿ

ಬೆಳಿಗ್ಗೆ ಎದ್ದ ಕೂಡಲೇ ಕೊತ್ತಂಬರಿ ನೀರು ಕುಡಿಯುವವರು ಈಗ ಮನೆಗೊಬ್ಬರು ಸಿಗುತ್ತಾರೆ. ಕುಡಿಯಲಿ, ನನ್ನದೇನೂ ತಕರಾರಿಲ್ಲ. ಆದರೆ ಅವರು ಮಾಡುವ ರೀತಿ ನೋಡಿದರೆ ಲೋಟ ಕಸಿದುಕೊಳ್ಳೋಣ ಅನಿಸುತ್ತದೆ. ಒಂದು ಹಿಡಿ ಬೀಜವನ್ನು ತೊಳೆಯದೆ ತಣ್ಣೀರಿಗೆ ಹಾಕುತ್ತಾರೆ, ಮುಚ್ಚಳವಿಲ್ಲದೆ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಅದೇ ನೀರಲ್ಲಿ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಇನ್ನು ಕೆಲವರು ಈ ನೀರಿಂದಲೇ ಥೈರಾಯ್ಡ್ ಗುಣವಾಗುತ್ತದೆ ಅಂತ ನಂಬಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ಮೊದಲು ನೀರು ಮಾಡುವುದನ್ನು ಸರಿಯಾಗಿ ಕಲಿಯಿರಿ. ನಾಲ್ಕು ಕಾಳು ಅಂಗೈಯಲ್ಲಿಟ್ಟು ಉಜ್ಜಿ ಮೂಸಿ ನೋಡಿ. ಘಮ ಬರದ ಬೀಜ ಸಾರಿನ ಪುಡಿಗೂ ಬೇಡ. ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ ಇದ್ದು, ಕಾಳಿನಲ್ಲಿ ಸೂಜಿ ಮೊನೆಯಷ್ಟು ತೂತು ಕಂಡರೆ ಹುಳ ತಿಂದಿದೆ ಅಂತ ಅರ್ಥ. ಎಸೆಯಿರಿ. ಒಬ್ಬರಿಗೆ ಒಂದು ಚಮಚ ಬೀಜ ಸಾಕು. ಚೆನ್ನಾಗಿ ತೊಳೆದು, ಬಟ್ಟೆಯ ಮೇಲೆ ಹರಡಿ ತೇವ ಒರೆಸಿ.

ಇನ್ನು ಒಡೆಯುವುದು. ಇದನ್ನು ಬಿಟ್ಟು ನೀವು ಎಷ್ಟು ಹೊತ್ತು ನೆನೆಸಿದರೂ ಅದು ಸಪ್ಪೆ ನೀರೇ. ಕೊತ್ತಂಬರಿ ಬೀಜ ಒಂದೇ ಕಾಳಿನ ಹಾಗೆ ಕಂಡರೂ ಒಳಗೆ ಎರಡು ಹೋಳು ಒಂದಕ್ಕೊಂದು ಅಂಟಿ ಕೂತಿರುತ್ತವೆ. ಘಮದ ಎಣ್ಣೆ ತುಂಬಿದ ಸಣ್ಣ ನಾಳಗಳು ಆ ಹೋಳುಗಳು ಎದುರುಬದುರಾಗಿ ಕೂಡುವ ಒಳಮುಖದಲ್ಲಿವೆ. ಹೊರಗಿನ ಸಿಪ್ಪೆ ಗಟ್ಟಿ, ನೀರು ಒಳಗೆ ಸುಲಭವಾಗಿ ಇಳಿಯಲು ಬಿಡುವುದಿಲ್ಲ. ಹಾಗಂತ ಮಿಕ್ಸಿಗೆ ಹಾಕಬೇಡಿ. ಪುಡಿಯಾದರೆ ಜಾರಿನ ಬಿಸಿಗೇ ಘಮ ಹೋಗುತ್ತದೆ, ನೀರು ರಾಡಿಯಾಗುತ್ತದೆ. ಬೀಜವನ್ನು ಬಟ್ಟೆಯ ಎರಡು ಮಡಿಕೆಯ ನಡುವೆ ಒಂದೇ ಪದರವಾಗಿ ಹರಡಿ. ಮೇಲೆ ಲಟ್ಟಣಿಗೆಯನ್ನು ಚಪಾತಿ ಲಟ್ಟಿಸುವಷ್ಟು ಒತ್ತದೆ, ಅದರ ಭಾರಕ್ಕೇ ಉರುಳಿಸಿ. ಚಟಚಟ ಸದ್ದು ಬರುತ್ತದೆ. ಸದ್ದು ನಿಂತ ಕೂಡಲೇ ನಿಲ್ಲಿಸಿ. ಬಟ್ಟೆ ತೆರೆದರೆ ಎರಡೆರಡು ಹೋಳಾಗಿ ಬಿದ್ದಿರಬೇಕು, ಮೂಗಿಗೆ ಘಮ್ಮೆಂದು ಬಡಿಯಬೇಕು. ಪುಡಿ ಕಂಡರೆ ಒತ್ತಿದ್ದು ಜಾಸ್ತಿಯಾಯಿತು.

ಹೋಳುಗಳನ್ನು ಸಣ್ಣ ತಪ್ಪಲೆಗೆ ಹಾಕಿ. ನೀರನ್ನು ಬೇರೆಯಾಗಿ ಕುದಿಸಿ, ಗುಳ್ಳೆ ಅಡಗಿದ ಕೂಡಲೇ ಒಂದು ದೊಡ್ಡ ಲೋಟದಷ್ಟು ಸುರಿದು, ತಕ್ಷಣ ಮುಚ್ಚಿ. ಕಣದಲ್ಲಿ ಒಣಗಿ ಬಂದ ಬೀಜ ಅದು. ಧೂಳು, ಕ್ರಿಮಿ ಎಲ್ಲಾ ಇರುತ್ತದೆ. ಬೇಸಿಗೆಯಲ್ಲಿ ತಣ್ಣೀರಿನಲ್ಲಿ ರಾತ್ರಿಯಿಡೀ ಇಟ್ಟರೆ ಆ ಕ್ರಿಮಿ ಬೆಳೆಯುತ್ತದೆ. ಹೊಟ್ಟೆ ಸೂಕ್ಷ್ಮ ಇದ್ದವರು ಒಂದು ಕುದಿ ಬರಿಸಿದರೂ ತಪ್ಪಿಲ್ಲ. ಹತ್ತು ನಿಮಿಷದ ಮೇಲೆ ಮುಚ್ಚಳ ತೆಗೆಯುವಾಗ ಅದರ ಒಳಗೆ ಹನಿ ಹನಿಯಾಗಿ ನಿಂತ ನೀರು ನೋಡಿ. ಘಮ ಅದರಲ್ಲೇ ಇದೆ. ಮುಚ್ಚಳ ಓರೆ ಮಾಡಿ ಆ ಹನಿಗಳನ್ನು ತಪ್ಪಲೆಗೇ ಇಳಿಸಿ. ನಮ್ಮ ಹುಡುಗಿಯರು ಅದನ್ನು ಸಿಂಕಿಗೆ ಕೊಡವುತ್ತಾರೆ! ತೆಳ್ಳಗಿನ ಬಟ್ಟೆಯಲ್ಲಿ ಸೋಸಿ ಬಿಸಿಯಾಗಿಯೇ ಕುಡಿಯಿರಿ. ಆ ಸೋಸುವ ಬಟ್ಟೆಯನ್ನು ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ಸೋಪಿನ ಪುಡಿಯ ವಾಸನೆ ಹಿಡಿದು ಮೊಸರು ಕಟ್ಟಲೂ ಬಾರದು. ಬರೀ ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕಿ.

ನಮ್ಮ ಅತ್ತೆಯವರು ಹಬ್ಬದ ದಿನ ಹೋಳಿಗೆ ಊಟ ಮುಗಿದ ಮೇಲೆ ಇದಕ್ಕೆ ಚಿಟಿಕೆ ಜೀರಿಗೆ, ಒಂದು ಚೂರು ಬೆಲ್ಲ ಸೇರಿಸಿ ಎಲ್ಲರಿಗೂ ಅರ್ಧ ಲೋಟ ಕೊಡುತ್ತಿದ್ದರು. ಹೊಟ್ಟೆಯುಬ್ಬರ, ಗಾಳಿ, ಹಿಡಿದಂತಾಗುವ ನೋವು ಇವಕ್ಕೆ ಅದು ಹಿತ. ಕಾರಣವೂ ಇದೆ. ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನಲೂಲ್ ಎಂಬ ವಸ್ತು. ಪ್ರಾಣಿಗಳ ಕರುಳಿನ ಮೇಲೆ ಪ್ರಯೋಗ ಮಾಡಿದಾಗ ಬೀಜದ ಸಾರ ಬಿಗಿದ ಸ್ನಾಯುವನ್ನು ಸಡಿಲ ಮಾಡಿದೆ. ಜರ್ಮನಿಯ ಸರ್ಕಾರಿ ಗಿಡಮೂಲಿಕೆ ಸಮಿತಿಯೂ ಅಜೀರ್ಣಕ್ಕೆ, ಹಸಿವಾಗದಿದ್ದಕ್ಕೆ ಇದನ್ನು ಒಪ್ಪಿತ್ತು. ಆದರೆ ಮನುಷ್ಯರ ಮೇಲೆ ಕೊತ್ತಂಬರಿ ಒಂದನ್ನೇ ಕೊಟ್ಟು ದೊಡ್ಡದಾಗಿ ನೋಡಿದ್ದು ತೀರಾ ಕಡಿಮೆ. ಹಾಗಾಗಿ ಊಟದ ಮೇಲಿನ ಭಾರಕ್ಕೆ ಕುಡಿಯಿರಿ. ದಿನಾ ಎದೆ ಉರಿ, ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಥೈರಾಯ್ಡ್ ವಿಷಯ ಬೇರೆಯೇ. ಹಿಂದಿನವರು ಹೇಳಿದ್ದಾರೆ ಅಂತ ವಾದಿಸುವವರಿಗೆ ಒಂದು ಮಾತು. ಶಾರ್ಙ್ಗಧರ ಸಂಹಿತೆ ಎಂಬ ಹಳೆಯ ಆಯುರ್ವೇದ ಗ್ರಂಥದಲ್ಲಿ ರಾತ್ರಿ ನೆನೆಸಿದ ಕೊತ್ತಂಬರಿ ನೀರು ಇದೆ, ಬೆಳಿಗ್ಗೆ ಸಕ್ಕರೆ ಹಾಕಿ ಕುಡಿಯಲು ಹೇಳಿದೆ. ಅದು ಒಳಗಿನ ಉರಿ ಮತ್ತು ಬಾಯಾರಿಕೆಗೆ. ಥೈರಾಯ್ಡ್‌ಗೆ ಅಲ್ಲ. ಅಷ್ಟೇ ಅಲ್ಲ, 'ಥೈರಾಯ್ಡ್ ಇದೆ' ಅಂದರೆ ಯಾವುದು? ಹಾರ್ಮೋನು ಕಡಿಮೆಯಾಗುವುದು ಒಂದು ಕಾಯಿಲೆ, ಜಾಸ್ತಿಯಾಗುವುದು ಇನ್ನೊಂದು. ಒಂದೇ ನೀರು ಎರಡಕ್ಕೂ ಆಗುತ್ತದೆ ಅನ್ನುವವರನ್ನು ನಂಬುವುದು ಹೇಗೆ? ಹಾರ್ಮೋನು ಕಡಿಮೆ ಇರುವವರಲ್ಲಿ ಬಹಳಷ್ಟು ಜನರಿಗೆ ದೇಹದ ರಕ್ಷಣಾ ಪಡೆಯೇ ಗ್ರಂಥಿಯನ್ನು ಹಾಳು ಮಾಡಿರುತ್ತದೆ. ಕೊತ್ತಂಬರಿ ಅದನ್ನು ಸರಿಮಾಡುತ್ತದೆ ಅನ್ನಲು ಮನುಷ್ಯರ ಮೇಲೆ ಮಾಡಿದ ಒಳ್ಳೆಯ ಪರೀಕ್ಷೆಯ ಆಧಾರವಿಲ್ಲ.

ಮತ್ತೆ ಜನಕ್ಕೆ ಗುಣವಾದ ಹಾಗೆ ಯಾಕೆ ಅನಿಸುತ್ತದೆ? ನನ್ನ ತಂಗಿಯ ಮಗಳದ್ದೇ ಹೇಳುತ್ತೇನೆ. ದಿನಕ್ಕೆ 75 ಮೈಕ್ರೋಗ್ರಾಂ ಮಾತ್ರೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ ಅಂಕಿ 2.8, ಎಲ್ಲಾ ಸರಿಯಾಗಿತ್ತು. ಯಾರದೋ ಮಾತು ಕೇಳಿ ಮಾತ್ರೆ ನಿಲ್ಲಿಸಿ ಈ ನೀರು ಹಿಡಿದಳು. ಎರಡು ವಾರವಾದ ಮೇಲೆ ಫೋನ್ ಮಾಡಿ, "ದೊಡ್ಡಮ್ಮ, ಮಾತ್ರೆ ಇಲ್ದೇನೇ ಎಷ್ಟು ಆರಾಮಾಗಿದ್ದೀನಿ ಗೊತ್ತಾ?" ಅಂದಳು. ಆರಾಮಾಗಿರುತ್ತಾಳೆ, ಯಾಕಿರುವುದಿಲ್ಲ? ಆ ಮಾತ್ರೆಯ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಇನ್ನೊಂದು ವಾರಕ್ಕೆ ಅದರಲ್ಲಿ ಅರ್ಧ. ಎರಡು ವಾರದ ಮೇಲೂ ಕಾಲು ಭಾಗ ಉಳಿದಿತ್ತು. ಅವಳನ್ನು ಓಡಾಡಿಸುತ್ತಿದ್ದದ್ದು ಹಳೆಯ ಮಾತ್ರೆ, ಹೆಸರು ಬಂದಿದ್ದು ಕೊತ್ತಂಬರಿಗೆ. ಎರಡು ತಿಂಗಳಾಗುವಷ್ಟರಲ್ಲಿ ಮುಖ ಬಾತಿತ್ತು, ಮಲಬದ್ಧತೆ, ಕೂತಲ್ಲೇ ತೂಕಡಿಕೆ. ಟಿಎಸ್‌ಎಚ್ 21ಕ್ಕೆ ಹೋಗಿತ್ತು. ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಇಳಿಯಿತು.

ಇನ್ನು ಕೆಲವರಿಗೆ ಟಿಎಸ್‌ಎಚ್ ಐದೋ ಆರೋ ಇರುತ್ತದೆ, ಮಾತ್ರೆ ಇನ್ನೂ ಶುರುವಾಗಿರುವುದಿಲ್ಲ. ಅಷ್ಟು ಸ್ವಲ್ಪ ಏರಿದ್ದು ಎಷ್ಟೋ ಜನರಲ್ಲಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಲ್ಲಿ ಏನು ಕುಡಿದಿದ್ದರೂ ಅದರಿಂದಲೇ ಅಂತ ಹೇಳುತ್ತಾರೆ.

ಕುಡಿಯಲೇಬೇಕು ಅನ್ನುವವರು ಹೀಗೆ ಮಾಡಿ. ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ. ಅರ್ಧದಿಂದ ಒಂದು ಗಂಟೆ ಏನೂ ಬೇಡ, ಕಾಫಿಯಂತೂ ಬೇಡವೇ ಬೇಡ, ಅದು ಮಾತ್ರೆ ಹೀರಿಕೊಳ್ಳಲು ಬಿಡುವುದಿಲ್ಲ. ಆಮೇಲೆ ಕೊತ್ತಂಬರಿ ನೀರು, ತಿಂಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಬಿಟ್ಟು. ಮಾತ್ರೆಯ ಪ್ರಮಾಣ ಬದಲಾದರೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ಅದಕ್ಕೂ ಮೊದಲಿನ ಅಂಕಿ ನಂಬಿಕೆಗೆ ಬರುವುದಿಲ್ಲ. ಮಗು ಬೇಕೆಂದು ಯೋಚಿಸುತ್ತಿರುವ ಹುಡುಗಿಯರು ಒಂದು ದಿನವೂ ಮಾತ್ರೆ ತಪ್ಪಿಸಬೇಡಿ. ಮೊದಲ ಮೂರು ತಿಂಗಳು ಮಗುವಿನ ಮಿದುಳಿಗೆ ಬೇಕಾದ ಹಾರ್ಮೋನು ತಾಯಿಯಿಂದಲೇ ಹೋಗಬೇಕು. ಬಸಿರಾದದ್ದು ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ, ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.