ಪಟ್ಟಿಯ ಕೊನೆಯ ಸಾಲುಗಳು: ಪದನಾಮ ಬದಲಿಸುವುದು ಹೇಗೆ?

ತುಮಕೂರಿನ ಯಾವುದಾದರೂ ಖಾಸಗಿ ಶಾಲೆಯ ಸಿಬ್ಬಂದಿ ಪಟ್ಟಿ ತೆಗೆದು ನೋಡಿ. ಮೇಲಿನ ಸಾಲುಗಳಲ್ಲಿ ಶ್ರೀ, ಶ್ರೀಮತಿ, ಇನಿಷಿಯಲ್, ಪದವಿ ಎಲ್ಲ ಇರುತ್ತವೆ. ಕೆಳಗೆ ಬರುತ್ತ ಬರುತ್ತ ಬರೀ ಹೆಸರು, ಅದರ ಪಕ್ಕದಲ್ಲಿ ಜವಾನ, ಆಯಾ, ಜಾಡಮಾಲಿ. ಇವನ್ನು ಬದಲಿಸಲು ಆಡಳಿತ ಮಂಡಳಿ ಒಪ್ಪಿತು ಅಂದುಕೊಳ್ಳಿ. ಮುಂದೇನು?

ಹೊಸ ಹೆಸರು ಹುಡುಕಲು ಈಗಲೇ ಕೂರಬೇಡಿ. ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಎದುರು ಅವರು ನಿಜವಾಗಿ ಮಾಡುವ ಕೆಲಸ ಬರೆಯಿರಿ. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸ ಅಡಗಿರುವುದು ಆಗಲೇ ಗೊತ್ತಾಗುವುದು. ಇಬ್ಬರು ‘ಜವಾನ’ರಿದ್ದಾರೆ ಎನ್ನೋಣ. ಒಬ್ಬರು ಬೆಲ್ ಹೊಡೆದು, ಬಿಇಒ ಕಚೇರಿಗೆ ಟಪಾಲು ಕೊಟ್ಟು, ಬ್ಯಾಂಕಿಗೆ ಚಲನ್ ಕಟ್ಟಿ ಬರುತ್ತಾರೆ. ಅವರು ‘ಕಚೇರಿ ಸಹಾಯಕ’. ಇನ್ನೊಬ್ಬರು ದಿನವಿಡೀ ವಿಜ್ಞಾನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸುತ್ತಾರೆ. ಅವರಿಗೆ ‘ಪ್ರಯೋಗಾಲಯ ಸಹಾಯಕ’ ಎಂದು ಬರೆಯುವ ಆಸೆ ಬರುತ್ತದೆ. ಆದರೆ ಅದು ಬೇರೆ ವಿದ್ಯಾರ್ಹತೆ, ಬೇರೆ ಸಂಬಳದ ಹುದ್ದೆ. ಆ ಸಂಬಳ ಕೊಡುವುದಾದರೆ ಆ ಹೆಸರು ಕೊಡಿ, ಇಲ್ಲದಿದ್ದರೆ ‘ಪ್ರಯೋಗಾಲಯ ಪರಿಚಾರಕ’ ಸಾಕು. ಸಂಬಳವಿಲ್ಲದ ದೊಡ್ಡ ಹೆಸರು ಮರ್ಯಾದೆಯಲ್ಲ, ತಮಾಷೆ.

‘ಸ್ವಚ್ಛತಾ ರಾಯಭಾರಿ’ಯಂಥ ಪದಗಳನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಜಾಡಮಾಲಿ ಎಂಬ ಹೆಸರಿಗೆ ಕೆಲಸದ ಜೊತೆ ಜಾತಿಯೂ ಅಂಟಿಕೊಂಡಿದೆ, ಅದು ಹೋಗಲೇಬೇಕು. ಅದರ ಜಾಗಕ್ಕೆ ‘ಸ್ವಚ್ಛತಾ ಸಿಬ್ಬಂದಿ’ ಸರಳವಾಗಿ ಕೂರುತ್ತದೆ. ‘ಪೌರಕಾರ್ಮಿಕ’ ಬೇಡ, ಅದು ನಗರಸಭೆ, ಪಾಲಿಕೆಯವರ ಹೆಸರು. ಎಲ್ಲರಿಗೂ ಒಂದೇ ಪದನಾಮ ಕೊಡುವ ದಾರಿಯೂ ಇದೆ: ಆರನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರ ಪ್ಯೂನ್ ಮುಂತಾದ ಹುದ್ದೆಗಳನ್ನು ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’ ಎಂದು ಒಂದುಗೂಡಿಸಿತು. ಸಣ್ಣ ಶಾಲೆಯಲ್ಲಿ ಇದರಿಂದ ತೊಂದರೆಯೇ ಹೆಚ್ಚು. ಕಚೇರಿಗೆಂದು ಸೇರಿದವರ ಕೈಗೂ ಪೊರಕೆ ಕೊಡಲು ಅದೇ ನೆಪವಾಗುತ್ತದೆ.

ಪಟ್ಟಿಯ ಕರಡು ಸಿದ್ಧವಾದ ಮೇಲೆ ಸಂಬಂಧಪಟ್ಟವರನ್ನೇ ಕೇಳಿ, ಒಬ್ಬೊಬ್ಬರನ್ನಾಗಿ. ಸಭೆಯಲ್ಲಿ ಎಲ್ಲರ ಎದುರು ಕೇಳಿದರೆ ‘ನೀವು ಹೇಳಿದಂಗೆ ಸಾರ್’ ಎಂಬುದಷ್ಟೇ ಉತ್ತರ. ಆರಾಮಾಗಿ ಕೇಳಿದರೆ, ‘ಮಕ್ಳು ಆಯಮ್ಮ ಅಂತ್ಲೇ ಕರೀಲಿ ಮೇಡಂ, ಕಾರ್ಡಲ್ಲಿ ಮಾತ್ರ ಬೇರೆ ಹಾಕ್ಸಿ’ ಎನ್ನುವವರೂ ಸಿಗುತ್ತಾರೆ. ಹಾಗಿದ್ದರೆ ಕಾರ್ಡಿನಲ್ಲಿ ‘ಮಕ್ಕಳ ಆರೈಕೆ ಸಹಾಯಕಿ’ ಎಂದಿರಲಿ, ಮಕ್ಕಳ ಬಾಯಿಗೆ ಕೈ ಹಾಕಬೇಡಿ.

ಇನ್ನು ಕಾಗದದ ಕೆಲಸ. ಇಲ್ಲಿ ಎಡವಿದರೆ ನಷ್ಟ ನೌಕರರಿಗೆ. ಹೊಸ ಪದನಾಮದಲ್ಲಿ ಹೊಸ ನೇಮಕಾತಿ ಆದೇಶ ಕೊಡಲೇಬೇಡಿ. ಹಾಗೆ ಕೊಟ್ಟರೆ, ಹದಿನೈದು ವರ್ಷ ದುಡಿದವರೂ ಕಾಗದದ ಮೇಲೆ ನಿನ್ನೆ ಸೇರಿದವರಂತೆ ಕಾಣುತ್ತಾರೆ. 1972ರ ಗ್ರಾಚುಟಿ ಕಾಯ್ದೆ ಕಾಲದಿಂದಲೂ ಗ್ರಾಚುಟಿ ಲೆಕ್ಕ ನಿಂತಿರುವುದು ಸೇವೆಯ ನಿರಂತರತೆಯ ಮೇಲೆ. ಅದು ಮುರಿದಂತೆ ಕಂಡರೆ ಮುಂದೆ ತಕರಾರು ಖಂಡಿತ. ಬದಲಿಗೆ ಆಡಳಿತ ಮಂಡಳಿ ಸಭೆಯಲ್ಲಿ ಒಂದೇ ನಿರ್ಣಯ ಮಾಡಿ. ಒಕ್ಕಣೆ ಹೀಗಿರಬಹುದು:

‘ಈವರೆಗೆ ಜವಾನ ಎಂದು ದಾಖಲಾಗಿದ್ದ ಹುದ್ದೆಯನ್ನು ಇನ್ನು ಮುಂದೆ ಕಚೇರಿ ಸಹಾಯಕ ಎಂದು ಕರೆಯತಕ್ಕದ್ದು. ಈ ಬದಲಾವಣೆಯಿಂದ ಸದರಿ ನೌಕರರ ವೇತನ, ಜ್ಯೇಷ್ಠತೆ, ರಜೆ, ಸೇವಾವಧಿ ಹಾಗೂ ನಿವೃತ್ತಿ ಸೌಲಭ್ಯಗಳಿಗೆ ಯಾವುದೇ ಬಾಧಕ ಇರುವುದಿಲ್ಲ.’

ಸೇವಾ ಪುಸ್ತಕದಲ್ಲಿ ಹಳೆಯ ಪದವನ್ನು ಗೀಚಿ ಅಳಿಸಬೇಡಿ. ನಿರ್ಣಯದ ಸಂಖ್ಯೆ, ದಿನಾಂಕ ಹಾಕಿ ಕೆಳಗೆ ಹೊಸ ನಮೂದು ಬರೆಯಿರಿ. ಅನುದಾನಿತ ಹುದ್ದೆಗೆ ಮಾತ್ರ ನಿಮ್ಮ ನಿರ್ಣಯ ಸಾಲದು. ಸರ್ಕಾರ ಮಂಜೂರು ಮಾಡಿದ ಹುದ್ದೆಯ ಹೆಸರು ವೇತನ ಬಿಲ್ಲಿನಲ್ಲಿ ಇದ್ದಂತೆಯೇ ಇರಬೇಕು. ಶಾಲೆಯೊಳಗಿನ ಪಟ್ಟಿ, ಗುರುತಿನ ಚೀಟಿಗಳಲ್ಲಿ ನಿಮ್ಮ ಪದ ಬಳಸಿಕೊಳ್ಳಿ.

ನಿರ್ಣಯ ಆದ ಮೇಲೂ ಹಳೆಯ ಹೆಸರು ಮೂಲೆಮೂಲೆಯಲ್ಲಿ ಉಳಿದಿರುತ್ತದೆ: ಹಾಜರಿ ಪುಸ್ತಕ, ಡ್ಯೂಟಿ ಚಾರ್ಟ್, ಬೀಗದ ಕೈಗೆ ಕಟ್ಟಿದ ಚೀಟಿ, ವಾರ್ಷಿಕ ಸಂಚಿಕೆಯ ಗುಂಪು ಫೋಟೊದ ಅಡಿಬರಹ. ಸಂಬಳದ ಸಾಫ್ಟ್‌ವೇರ್ ಎಲ್ಲಕ್ಕಿಂತ ಮೊಂಡು. ಪದನಾಮದ ಮೂಲ ಪಟ್ಟಿಯಲ್ಲೇ ತಿದ್ದದಿದ್ದರೆ ಮುಂದಿನ ತಿಂಗಳ ಚೀಟಿಯಲ್ಲಿ ಮತ್ತೆ ‘ಸ್ವೀಪರ್’ ಅಚ್ಚಾಗಿ ಬರುತ್ತದೆ. ಪಟ್ಟಿ ಮರು ಅಚ್ಚು ಮಾಡುವಾಗ ಇವರ ಹೆಸರಿಗೂ ಇನಿಷಿಯಲ್, ಶ್ರೀ, ಶ್ರೀಮತಿ ಸೇರಿಸಿ. ಪದನಾಮ ಬದಲಾಗಿಯೂ ಹೆಸರು ಬೋಳಾಗಿಯೇ ಇದ್ದರೆ ಓದುವವರಿಗೆ ವ್ಯತ್ಯಾಸ ತಿಳಿಯುವುದು ಅಲ್ಲಿಯೇ.

ಗೇಟಿನ ಬಳಿಯ ಭದ್ರತಾ ಸಿಬ್ಬಂದಿ ಏಜೆನ್ಸಿಯವರಾದರೆ ಅವರ ಸಂಬಳ ಚೀಟಿ ನಿಮ್ಮ ಕೈಯಲ್ಲಿಲ್ಲ. ಗುತ್ತಿಗೆ ನವೀಕರಿಸುವಾಗ ಪದನಾಮವನ್ನೂ ಒಂದು ಷರತ್ತಾಗಿ ಸೇರಿಸಿ, ಅಲ್ಲಿಯವರೆಗೆ ನಿಮ್ಮ ಪಟ್ಟಿಯಲ್ಲಿ ಸರಿಯಾಗಿ ಬರೆಯಿರಿ.